ಚೀಸ್ ಎಂದ ಕೂಡಲೇ ಕೆಂಪು ವೈನ್ ತೆರೆಯಬೇಡಿ

ಈಗಿನ ಹುಡುಗರು ಚೀಸ್ ತಟ್ಟೆ ಜೋಡಿಸುವುದನ್ನು ನೋಡಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಒಂದು ಮೂಲೆಯಲ್ಲಿ ಬ್ರೀ, ಪಕ್ಕದಲ್ಲಿ ಮೇಕೆ ಹಾಲಿನ ಚೀಸ್, ಆಚೆ ಹಳೆಯ ಚೆಡ್ಡಾರ್, ಕೊನೆಯಲ್ಲಿ ನೀಲಿ ಗೆರೆಗಳ ರೋಕ್‌ಫೋರ್. ಇಷ್ಟಕ್ಕೂ ಸೇರಿ ಒಂದೇ ಬಾಟಲಿ, ಅದೂ ಕಪ್ಪಗೆ ಕಾಣುವಷ್ಟು ಗಾಢವಾದ ಕ್ಯಾಬರ್ನೆ ಸೋವಿನ್ಯಾನ್. ಚೀಸ್ ಎಂದರೆ ಕೆಂಪು ವೈನ್ ಎಂದು ಯಾರೋ ಹೇಳಿದ್ದನ್ನು ಇವರು ಕಣ್ಣುಮುಚ್ಚಿ ನಂಬಿದ್ದಾರೆ. ಆ ನಾಲ್ಕರಲ್ಲಿ ಮೂರು ಚೀಸ್‌ಗಳಿಗೆ ಆ ವೈನ್ ಒಗ್ಗುವುದೇ ಇಲ್ಲ.

ಕಾರಣ ಒಗರು. ಕೆಂಪು ವೈನನ್ನು ದ್ರಾಕ್ಷಿಯ ಸಿಪ್ಪೆ, ಬೀಜಗಳ ಸಮೇತ ಹುಳಿ ಬರಿಸುತ್ತಾರೆ. ಅವುಗಳಲ್ಲಿನ ಟ್ಯಾನಿನ್ ವೈನಿಗೆ ಇಳಿಯುತ್ತದೆ. ಅದು ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡಾಗ ನಾಲಿಗೆ ಒರಟಾಗುತ್ತದೆ. ಬ್ರೀ, ಕ್ಯಾಮಂಬೇರ್‌ಗಳಂಥ ಮೆತ್ತನೆಯ ಚೀಸ್‌ನಲ್ಲಿ ನೀರಿನ ಅಂಶ ಹೆಚ್ಚು, ಮೇಲೆ ಬಿಳಿ ಬೂಷ್ಟಿನ ಸಿಪ್ಪೆ ಬೇರೆ. ಆ ಸಿಪ್ಪೆಯ ಅಣಬೆಯ ವಾಸನೆಗೂ ಗಾಢ ಒಗರಿಗೂ ಜಗಳ ಹತ್ತಿಕೊಂಡರೆ ಬಾಯಲ್ಲಿ ತಗಡು ನೆಕ್ಕಿದಂಥ ಕಹಿ ಉಳಿಯುತ್ತದೆ, ವೈನಿನ ಹಣ್ಣಿನ ಪರಿಮಳ ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಆಮೇಲೆ ‘ವೈನ್ ಸರಿಯಿಲ್ಲ’ ಎಂದು ಬಾಟಲಿಯನ್ನು ಬೈಯುತ್ತಾರೆ. ಬಾಟಲಿ ಏನು ಮಾಡೀತು ಪಾಪ!

ಬ್ರೀಗೆ ಬೇಕಾದದ್ದು ಹುಳಿ ಮತ್ತು ಗುಳ್ಳೆ. ಶಾಂಪೇನ್ ಆಗಲಿ, ಅದೇ ಬಗೆಯ ಇನ್ನಾವುದೇ ಸಿಹಿಯಿಲ್ಲದ ಗುಳ್ಳೆ ವೈನ್ ಆಗಲಿ, ನಾಲಿಗೆಗೆ ಮೆತ್ತಿದ ಜಿಡ್ಡನ್ನು ಎತ್ತಿ ತೊಳೆದುಬಿಡುತ್ತದೆ. ಮುಂದಿನ ತುಂಡು ಮೊದಲ ತುಂಡಿನಷ್ಟೇ ರುಚಿಸುತ್ತದೆ. ಕೆಂಪು ಬೇಕೇಬೇಕು ಎಂದು ಹಟ ಹಿಡಿಯುವವರಿದ್ದರೆ ಒಗರು ಕಡಿಮೆ ಇರುವ ಬೋಜೊಲೆ ಕೊಡಿ, ಅದನ್ನೂ ಸ್ವಲ್ಪ ತಣ್ಣಗೆ ಮಾಡಿ.

ಮೇಕೆ ಹಾಲಿನ ಎಳೆಯ ಚೀಸ್ ತಾನೇ ಹುಳಿ. ಅದರ ಜೊತೆಗೆ ಹುಳಿ ಕಡಿಮೆಯಿರುವ ವೈನ್ ಇಟ್ಟರೆ ವೈನ್ ಸಪ್ಪೆಯಾಗಿ, ನೀರು ಬೆರೆಸಿದಂತೆ ಅನಿಸುತ್ತದೆ. ಚೀಸ್‌ಗಿಂತ ವೈನ್ ಒಂದು ಕೈ ಹೆಚ್ಚು ಹುಳಿಯಿರಬೇಕು. ಫ್ರಾನ್ಸಿನ ಲುವಾರ್ ನದಿಯ ಬಳಿ ಸಾನ್ಸೇರ್ ವೈನ್ ಆಗುವ ಪ್ರದೇಶದಲ್ಲೇ ಶಾವಿನ್ಯೋಲ್ ಎಂಬ ಹಳ್ಳಿಯಿದೆ; ಅಲ್ಲಿಯ ಪುಟ್ಟ ಗುಂಡಗಿನ ಮೇಕೆ ಚೀಸ್ ಕ್ರೋತ್ತಾಂ ದ ಶಾವಿನ್ಯೋಲ್. ಅದೇ ನೆಲದ ಸೋವಿನ್ಯಾನ್ ಬ್ಲಾಂ ದ್ರಾಕ್ಷಿಯ ಬಿಳಿ ವೈನ್ ಜೊತೆ ಅದನ್ನು ತಿಂದವರು ಮತ್ತೆ ಕೆಂಪಿನ ಕಡೆ ತಿರುಗಿಯೂ ನೋಡುವುದಿಲ್ಲ. ಸಾನ್ಸೇರ್ ಸಿಗದಿದ್ದರೆ ಬೇರೆ ಯಾವ ಊರಿನ ಸೋವಿನ್ಯಾನ್ ಬ್ಲಾಂ ಆದರೂ ನಡೆಯುತ್ತದೆ, ಓಕ್ ಮರದ ವಾಸನೆ ಹತ್ತಿರಬಾರದು ಅಷ್ಟೇ.

ಈಗ ನಾನು ಬಿಡದೆ ಮಾಡುವ ಒಂದು ಕೆಲಸ ಹೇಳುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಅತಿಥಿಗಳು ಬರುವ ಮೊದಲೇ ಪ್ರತಿ ಜೋಡಿಯನ್ನೂ ನಾನು ಬಾಯಲ್ಲಿ ಹಾಕಿ ನೋಡಿಯೇ ತಟ್ಟೆಗೆ ಇಡುವುದು. ಚೀಸ್ ಕಾಗದದಲ್ಲಿ ಸುತ್ತಿದಂತೆಯೇ ಒಂದು ಗಂಟೆ ಫ್ರಿಜ್‌ನಿಂದ ಹೊರಗಿರಬೇಕು. ತಣ್ಣನೆಯ ಚೀಸ್‌ಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಬ್ರೀ ಒಳಕ್ಕೆ ತಗ್ಗಬೇಕು. ಬಿಳಿ ವೈನ್ ಸುಮಾರು 10 ಡಿಗ್ರಿ, ಕೆಂಪು 16 ಡಿಗ್ರಿಯ ಆಸುಪಾಸು. ಮೊದಲು ಬರೀ ವೈನ್ ಒಂದು ಗುಟುಕು ಕುಡಿದು ಅದರ ಪರಿಮಳ ನೆನಪಿಟ್ಟುಕೊಳ್ಳಿ. ಆಮೇಲೆ ಉಗುರಿನಷ್ಟು ಚೀಸ್ ಬಾಯಿಗೆ ಹಾಕಿ ಅಗಿಯಿರಿ, ನುಂಗಬೇಡಿ. ಅದು ಅರ್ಧ ಕರಗಿ ನಾಲಿಗೆ, ಅಂಗುಳಗಳಿಗೆಲ್ಲ ಹರಡಿದ ಹೊತ್ತಿಗೆ ಅದೇ ಬಾಯಿಗೆ ಸಣ್ಣ ಗುಟುಕು ವೈನ್ ಸೇರಿಸಿ, ಒಟ್ಟಿಗೆ ಮುಕ್ಕಳಿಸಿದಂತೆ ಆಡಿಸಿ ನುಂಗಿ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಗುಟ್ಟೆಲ್ಲ ಆ ಉಸಿರಿನಲ್ಲೇ ಇದೆ: ಮೊದಲ ಗುಟುಕಿನ ಪರಿಮಳ ಅಲ್ಲಿ ಇನ್ನೂ ಇದ್ದರೆ ಜೋಡಿ ಸರಿ, ಕಹಿ ಅಥವಾ ಅಮೋನಿಯದ ಘಾಟು ಬಂದರೆ ತಪ್ಪು.

ಇಲ್ಲಿಗೇ ನಿಲ್ಲಿಸಬೇಡಿ. ಸಿಪ್ಪೆ ಸಮೇತ ಒಂದು ತುಂಡು, ಸಿಪ್ಪೆ ತೆಗೆದ ಇನ್ನೊಂದು ತುಂಡು, ಎರಡನ್ನೂ ಬೇರೆ ಬೇರೆಯಾಗಿ ನೋಡಿ. ಹಣ್ಣಾದ ಕ್ಯಾಮಂಬೇರ್‌ನ ತಿರುಳು ವೈನಿಗೆ ಹೊಂದಿ ಸಿಪ್ಪೆ ಮಾತ್ರ ಕೆಡಿಸುವುದುಂಟು. ಹಾಗಾದರೆ ಸಿಪ್ಪೆ ಬಿಟ್ಟು ಬಡಿಸಿ, ಇಲ್ಲವೇ ವೈನ್ ಬದಲಿಸಿ. ನನಗೆ ಇದನ್ನು ಕಲಿಸಿದ ಹಿರಿಯಾಕೆ ನಾನು ಚೀಸ್ ನುಂಗಿದ ಮೇಲೆ ಲೋಟ ಎತ್ತಿದರೆ ಕೈಗೆ ಒಂದು ಏಟು ಹಾಕುತ್ತಿದ್ದರು. ‘ನುಂಗಿದ ಮೇಲೆ ಯಾವುದರ ಜೊತೆ ಯಾವುದನ್ನು ಸೇರಿಸುತ್ತೀಯಾ?’ ಎನ್ನುತ್ತಿದ್ದರು. ಆ ಏಟು ಇವತ್ತಿನ ಹುಡುಗರಿಗೂ ಬೇಕು.

ಲೋಟ ಎಂದಾಗ ನೆನಪಾಯಿತು. ಪಾತ್ರೆ ತೊಳೆಯುವ ಸೋಪಿನ ವಾಸನೆ ಉಳಿದ ಲೋಟದಲ್ಲಿ ಎಂಥ ವೈನ್ ಸುರಿದರೂ ದಂಡ. ಬಿಸಿನೀರಿನಲ್ಲಿ ಚೆನ್ನಾಗಿ ಜಾಲಿಸಿ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ, ಕಪಾಟಿನಲ್ಲಿ ನೇರವಾಗಿಯೇ ನಿಲ್ಲಿಸಿ. ಬೋರಲು ಹಾಕಿದರೆ ಕಪಾಟಿನ ಮರದ ವಾಸನೆಯೆಲ್ಲ ಒಳಗೇ ಕೂತಿರುತ್ತದೆ.

ಕೆಂಪು ವೈನ್ ನಿಜವಾಗಿ ಗೆಲ್ಲುವುದು ಗಟ್ಟಿ ಚೀಸ್ ಮುಂದೆ. ಹಳೆಯ ಚೆಡ್ಡಾರ್, ಹಳೆಯ ಗೌಡಾ, 24 ತಿಂಗಳು ದಾಟಿದ ಪಾರ್ಮಿಜಾನೊ ರೆಜ್ಜಾನೊ. ನೀರು ಆರಿ ಪ್ರೋಟೀನು, ಕೊಬ್ಬು ದಟ್ಟವಾಗಿರುವುದರಿಂದ ಟ್ಯಾನಿನ್ ಮೊದಲು ಅವಕ್ಕೆ ಅಂಟಿಕೊಳ್ಳುತ್ತದೆ, ನಿಮ್ಮ ನಾಲಿಗೆಯನ್ನು ಬಿಟ್ಟುಬಿಡುತ್ತದೆ. ಆ ಕ್ಯಾಬರ್ನೆ ಇಲ್ಲಿಗೆ ಸರಿ. ಆದರೆ ಫ್ರಾನ್ಸಿನ ಜೂರಾ ಬೆಟ್ಟಗಳ ಗಟ್ಟಿ ಚೀಸ್ ಕೋಂತೆಗೆ ಮಾತ್ರ ನಾನು ಕೆಂಪನ್ನು ಮುಟ್ಟುವುದಿಲ್ಲ. ಅದೇ ಬೆಟ್ಟಗಳ ವ್ಯಾಂ ಜೋನ್ ಎಂಬ ಬಿಳಿ ವೈನ್ ಇದೆಯಲ್ಲ, ಕನಿಷ್ಠ 6 ವರ್ಷ 3 ತಿಂಗಳು ಮಾಗಿದ ಮೇಲೆ 62 ಸೆಂಟಿಲೀಟರಿನ ಗಿಡ್ಡ ಬಾಟಲಿಯಲ್ಲಿ ಬರುತ್ತದೆ. ಅದರಲ್ಲಿಯೂ ಆಕ್ರೋಟಿನ ವಾಸನೆ, ಕೋಂತೆಯಲ್ಲಿಯೂ ಆಕ್ರೋಟಿನ ವಾಸನೆ. ಒಂದನ್ನೊಂದು ಎತ್ತಿ ಹಿಡಿಯುತ್ತವೆ.

ನೀಲಿ ಚೀಸ್‌ಗೆ ಸಿಹಿ ವೈನ್. ‘ಸಿಹಿಯೇ?’ ಎಂದು ಮುಖ ಕಿವುಚುವವರು ಒಮ್ಮೆ ರೋಕ್‌ಫೋರ್ ಜೊತೆ ಸೋಟರ್ನ್ ನೋಡಿ ಮಾತನಾಡಿ. ಕುರಿ ಹಾಲಿನ ಆ ಚೀಸ್ ಉಪ್ಪೋ ಉಪ್ಪು. ಬಳ್ಳಿಯಲ್ಲೇ ಬೂಷ್ಟು ಹಿಡಿದು, ನೀರು ಆರಿ, ಸಕ್ಕರೆ ಮಂದವಾದ ದ್ರಾಕ್ಷಿಯಿಂದ ಆ ವೈನ್ ಆಗುತ್ತದೆ. ಉಪ್ಪನ್ನು ಸಿಹಿ ತಗ್ಗಿಸುತ್ತದೆ, ಸಿಹಿಯ ಅಂಟನ್ನು ಉಪ್ಪು ಕಳೆಯುತ್ತದೆ. ಇಂಗ್ಲೆಂಡಿನ ನೀಲಿ ಚೀಸ್ ಸ್ಟಿಲ್ಟನ್ ಆದರೆ ಪೋರ್ಟ್ ವೈನ್. ಹುಳಿ ಬರುವುದನ್ನು ಮಧ್ಯದಲ್ಲೇ ದ್ರಾಕ್ಷಿಯ ಸ್ಪಿರಿಟ್ ಸುರಿದು ನಿಲ್ಲಿಸುವುದರಿಂದ ಅದರಲ್ಲಿ ಸಕ್ಕರೆ ಉಳಿದಿರುತ್ತದೆ. ಅದೂ ಕೆಂಪೇ, ಆದರೆ ಸಿಹಿಯಿರುವುದರಿಂದ ಉಳಿದುಕೊಂಡಿತು. ಎರಡನ್ನೂ ಒಂದೆರಡು ಗುಟುಕಿನಷ್ಟೇ ಬಡಿಸಿ.

ಬಗೆಬಗೆಯ ಬಾಟಲಿ ತೆರೆಯಲು ಮನಸ್ಸಿಲ್ಲ, ಒಂದೇ ಇರಲಿ ಎನ್ನುವವರು ತುಸು ಸಿಹಿಯಿರುವ ರೀಸ್ಲಿಂಗ್ ಎಂಬ ಬಿಳಿ ವೈನ್ ತನ್ನಿ. ಹುಳಿ ಇರುವುದರಿಂದ ಮೇಕೆ ಚೀಸ್, ಬ್ರೀಗಳನ್ನು ಸಂಭಾಳಿಸುತ್ತದೆ, ಸಿಹಿ ಇರುವುದರಿಂದ ನೀಲಿ ಚೀಸ್ ಮುಂದೆಯೂ ತಲೆ ತಗ್ಗಿಸುವುದಿಲ್ಲ. ತಟ್ಟೆಯಲ್ಲಿ ಮೇಕೆ ಚೀಸ್ ಮೊದಲು, ನೀಲಿ ಕೊನೆಗೆ. ನೀಲಿಗೆ ಬೇರೆಯೇ ಚಾಕು ಇಡಿ, ಇಲ್ಲದಿದ್ದರೆ ಎಲ್ಲ ಚೀಸ್‌ಗೂ ಅದರದ್ದೇ ರುಚಿ ಅಂಟುತ್ತದೆ.