ವಾರದ ಮಾತ್ರೆ ದಿನದ ಮಾತ್ರೆ ಆಗದ ಹಾಗೆ: ಡಿಸ್ಚಾರ್ಜ್ ಸಮ್ಮರಿ ಕನ್ನಡಕ್ಕೆ ತಂದ ನನ್ನ ಅನುಭವ

"ಕನ್ನಡದಲ್ಲಿ ಬರೆದುಕೊಟ್ಟು ಏನಾದ್ರೂ ಹೆಚ್ಚುಕಮ್ಮಿ ಆದರೆ ಯಾರು ಹೊಣೆ?" ಅಂತ ನಮ್ಮ ಆಸ್ಪತ್ರೆಯಲ್ಲಿ ಕೇಳಿದವರು ಒಬ್ಬಿಬ್ಬರಲ್ಲ. ಈಗ ಅವರೇ ರೌಂಡ್ಸ್ ಮುಗಿಸಿ ಫಾರ್ಮಸಿಗೆ ಫೋನ್ ಮಾಡಿ "ಐದನೇ ಬೆಡ್ಡಿಗೆ ನಿಮ್ಮ ಹಾಳೆ ಮಾಡಿಬಿಡಿ" ಅಂತಾರೆ. ಸ್ವಲ್ಪ ಜಂಬ ಅನ್ನಿಸಿದರೂ ಪರವಾಗಿಲ್ಲ. ನಾನು ಫಾರ್ಮಸಿಸ್ಟ್, ಹಾಸನದ ಕಡೆಯ ಒಂದು ಸಣ್ಣ ಆಸ್ಪತ್ರೆ. ದಿನಕ್ಕೆರಡು ಸಲ ಅನ್ನೋದಕ್ಕೆ ಬಿಡಿ, ಮೂರು ಸಲಕ್ಕೆ ಟಿಡಿಎಸ್ ಅಂತ ಡಾಕ್ಟರು ಬರೆಯೋದೆಲ್ಲ ನಿಮಗೆ ಗೊತ್ತಿರೋದೇ. ನೇರ ಕೆಲಸಕ್ಕೆ ಬರುತ್ತೇನೆ.

ಮೊದಮೊದಲು ಇಡೀ ಸಮ್ಮರಿಯನ್ನೇ ಕನ್ನಡಕ್ಕೆ ಇಳಿಸುತ್ತಿದ್ದೆ. ರೋಗದ ಹೆಸರು, ರಕ್ತಪರೀಕ್ಷೆ, ಎಕ್ಸ್‌ರೇ, ಎಲ್ಲ. ಎರಡು ಪುಟ ಆಗುತ್ತಿತ್ತು, ಯಾರೂ ಓದುತ್ತಿರಲಿಲ್ಲ. ಆಮೇಲೆ ಸೂರ್ಯ, ಚಂದ್ರನ ಚಿತ್ರ ಹಾಕಿ ಬಣ್ಣದಲ್ಲಿ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿದೆ. ಒಂದು ಹಾಳೆಗೆ ಸುಮಾರು ಮೂವತ್ತು ರೂಪಾಯಿ, ಅದೂ ನನ್ನ ಜೇಬಿನಿಂದ. ನೋಡೋಕೆ ಚೆನ್ನಾಗಿತ್ತು. ಆದರೆ ಡಾಕ್ಟರು ಡೋಸ್ ಬದಲಿಸಿದ ದಿನ ಅದರ ಮೇಲೆ ತಿದ್ದೋಕೆ ಆಗಲ್ಲ. ಜನ ಹಳೆಯದನ್ನೂ ಎಸೆಯಲ್ಲ. ಒಂದೇ ಮನೆಯಲ್ಲಿ ಎರಡು ಹಾಳೆ, ಎರಡು ಡೋಸ್! ನಾಲ್ಕೈದು ಸಾವಿರ ಹೋದ ಮೇಲೆ ಅದನ್ನು ಬಿಟ್ಟೆ.

ಈಗ ಮಾಡೋದು ಔಷಧಿಯ ಭಾಗ ಮಾತ್ರ, ಒಂದೇ ಪುಟ, ಕಪ್ಪುಬಿಳುಪು. ಮೂಲ ಸಮ್ಮರಿಗೆ ಪಿನ್ ಹೊಡೆದು, ಡಾಕ್ಟರ್ ಸಹಿ ಹಾಕಿಸಿ ಕೊಡುತ್ತೇನೆ. ಖರ್ಚು ಎರಡು ಮೂರು ರೂಪಾಯಿ. ರೌಂಡ್ಸ್ ಗಡಿಬಿಡಿಯಲ್ಲಿ ಸಹಿ ಹೇಗೆ ಹಾಕಿಸುತ್ತೇನೆ ಅನ್ನೋದು ನನ್ನ ಗುಟ್ಟು, ಕೇಳಬೇಡಿ.

ಒಂದು ಕೇಸು ಪೂರ್ತಿ ಹೇಳುತ್ತೇನೆ. ಕೀಲುವಾತದ ಒಬ್ಬ ಅಜ್ಜಿ. ಸಮ್ಮರಿಯಲ್ಲಿ ಇದ್ದದ್ದು ಮೆಥೋಟ್ರೆಕ್ಸೇಟ್ 15 ಎಂಜಿ ವಾರಕ್ಕೊಮ್ಮೆ, ಫೋಲಿಕ್ ಆಸಿಡ್ 5 ಎಂಜಿ ವಾರಕ್ಕೊಮ್ಮೆ ಮಾರನೇ ದಿನ, ಮತ್ತೆ ಪ್ರೆಡ್ನಿಸೋಲೋನ್ 20 ಎಂಜಿಯಿಂದ ಶುರುವಾಗಿ ವಾರಕ್ಕೆ 5 ಎಂಜಿಯಂತೆ ಇಳಿಕೆ. ಮೂರರಲ್ಲಿ ಜೀವಕ್ಕೆ ಕುತ್ತು ತರೋದು ಮೊದಲನೆಯದು. ವಾರದ ಡೋಸನ್ನು ದಿನಾ ನುಂಗಿದರೆ ಬಾಯಲ್ಲಿ ಹುಣ್ಣು ಏಳುತ್ತೆ, ರಕ್ತಕಣ ಇಳಿಯುತ್ತೆ, ಆಮೇಲೆ ಜ್ವರ, ಸೋಂಕು.

"ವಾರಕ್ಕೊಮ್ಮೆ" ಅಂತ ಕನ್ನಡದಲ್ಲಿ ಬರೆದರೆ ಮುಗೀತು ಅನ್ನಿಸುತ್ತೆ, ಅಲ್ವಾ? ಮುಗಿಯಲ್ಲ. ಅಂಗಡಿಯಲ್ಲಿ 15ರ ಮಾತ್ರೆ ಸಿಗದೆ 2.5 ಎಂಜಿಯದ್ದು ಕೊಟ್ಟರೆ ಒಂದೇ ಸಲಕ್ಕೆ ಆರು ನುಂಗಬೇಕು. ಅಷ್ಟೊಂದಾ ಅಂತ ಜನ ಹೆದರುತ್ತಾರೆ. ದಿನಕ್ಕೊಂದರಂತೆ ಆರು ದಿನ ತಗೊಂಡು ಭಾನುವಾರ ಬಿಡುತ್ತಾರೆ. ಲೆಕ್ಕಕ್ಕೆ ವಾರದ ಒಟ್ಟು ಸರಿಯಾಗೇ ಇರುತ್ತೆ, ಆದರೆ ರಕ್ತಕಣ ತಯಾರಿಸೋ ಮೂಳೆಮಜ್ಜೆಗೆ ಚೇತರಿಸಿಕೊಳ್ಳೋಕೆ ಬಿಡುವೇ ಸಿಗಲ್ಲ. ಅದಕ್ಕೇ ಹಾಳೆ ಬರೆಯೋ ಮುಂಚೆ ಒಂದೇ ಮಾತ್ರೆಯಲ್ಲಿ ಡೋಸ್ ಮುಗಿಯೋ ಹಾಗೆ ಸ್ಟಾಕ್ ನೋಡಿಕೊಳ್ಳುತ್ತೇನೆ. ನಾಲ್ಕು ವಾರಕ್ಕೆ ನಾಲ್ಕೇ ಮಾತ್ರೆ, ಎಣಿಸಿ ಕೊಡೋದು.

ವಾರದಲ್ಲಿ ಯಾವ ದಿನ ಅನ್ನೋದನ್ನು ನಾನು ಆರಿಸಲ್ಲ, ಅವರನ್ನೇ ಕೇಳುತ್ತೇನೆ. ಅಜ್ಜಿಯ ಊರಿನ ಸಂತೆ ಮಂಗಳವಾರ. ಸಂತೆ ದಿನ ಯಾರೂ ಮರೆಯಲ್ಲ. ಡಾಕ್ಟರ್ ಒಪ್ಪಿದರು. ಹಾಳೆಯಲ್ಲಿ ಬಂದದ್ದು ಹೀಗೆ:

ಮೆಥೋಟ್ರೆಕ್ಸೇಟ್ 15 – ಮಂಗಳವಾರ (ಸಂತೆ ದಿನ) ಮಾತ್ರ. ರಾತ್ರಿ ಊಟ ಆದ ಮೇಲೆ 1 ಮಾತ್ರೆ. ಜೂನ್ 3, 10, 17, 24. ಬೇರೆ ಯಾವ ದಿನವೂ ಬೇಡ.

ಫೋಲಿಕ್ ಆಸಿಡ್ 5 – ಬುಧವಾರ ಮಾತ್ರ. ರಾತ್ರಿ ಊಟ ಆದ ಮೇಲೆ 1 ಮಾತ್ರೆ. ಜೂನ್ 4, 11, 18, 25.

ಪ್ರೆಡ್ನಿಸೋಲೋನ್ 5 – ದಿನಾ ಬೆಳಗ್ಗೆ, ಹೊಟ್ಟೆಗೆ ಏನಾದರೂ ತಿಂದ ಮೇಲೆ. ಜೂನ್ 3ರಿಂದ 9: 4 ಮಾತ್ರೆ. 10ರಿಂದ 16: 3 ಮಾತ್ರೆ. 17ರಿಂದ 23: 2 ಮಾತ್ರೆ. 24ರಿಂದ 30: 1 ಮಾತ್ರೆ. ನಡುವೆ ನೀವಾಗಿ ನಿಲ್ಲಿಸಬೇಡಿ. ಜುಲೈ 1ಕ್ಕೆ ಡಾಕ್ಟರ್ ಹತ್ತಿರ ಬನ್ನಿ.

ಕೊನೆಗೆ ಒಂದು ಸಾಲು: ಬಾಯಿಹುಣ್ಣು ಅಥವಾ ಜ್ವರ ಬಂದರೆ ಮಂಗಳವಾರದ ಮಾತ್ರೆ ನಿಲ್ಲಿಸಿ, ಅದೇ ದಿನ ಫೋನ್ ಮಾಡಿ.

ಪ್ರೆಡ್ನಿಸೋಲೋನ್ ಎಲ್ಲ 5 ಎಂಜಿಯದ್ದೇ ಕೊಟ್ಟೆ. ವಾರ ಕಳೆದಂತೆ ಎಣಿಕೆ ಮಾತ್ರ ಬದಲಾಗಬೇಕು, ಮಾತ್ರೆ ಬದಲಾಗಬಾರದು. ಒಟ್ಟು 70 ಮಾತ್ರೆ. ಜೂನ್ 30ಕ್ಕೆ ಒಂದು ಉಳಿದರೂ, ಒಂದು ಕಡಿಮೆ ಬಿದ್ದರೂ ಎಲ್ಲೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತೆ. "ಏಳು ದಿನ, ಆಮೇಲೆ ಕಡಿಮೆ ಮಾಡಿ" ಅಂತ ಬರೆದರೆ ಯಾವತ್ತಿಂದ ಏಳು ಅನ್ನೋದೇ ಜಗಳ.

"ತಿಂಡಿ ಆದ ಮೇಲೆ" ಅಂತ ಯಾಕೆ ಬರೆದಿಲ್ಲ ಅಂದರೆ, ನಮ್ಮ ಕಡೆ ಹಳ್ಳಿಗಳಲ್ಲಿ ಬೆಳಗ್ಗೆಯೇ ಮುದ್ದೆ ಉಣ್ಣುವ ಮನೆಗಳಿವೆ. ಅವರಿಗೆ ಅದು ಊಟ. ಪೇಟೆಯವರಿಗೆ ಊಟ ಅಂದರೆ ಮಧ್ಯಾಹ್ನದ್ದು. ಬರೀ "ಊಟ ಆದ ಮೇಲೆ" ಅಂತ ಬರೆದಾಗ ಬೆಳಗಿನ ಮಾತ್ರೆಯನ್ನು ಮಧ್ಯಾಹ್ನ ಎರಡಕ್ಕೆ ತಗೊಂಡವರಿದ್ದಾರೆ. ಹೊತ್ತು ಮತ್ತು ಹೊಟ್ಟೆ, ಎರಡನ್ನೂ ಬರೆಯಬೇಕು.

ಬೇರೆ ಪ್ರಯೋಗಗಳೂ ಮಾಡಿದೆ. ಮಾತ್ರೆಯ ಬಣ್ಣ ಬರೆದು ನೋಡಿದೆ. ಈ ಅಜ್ಜಿಯದ್ದೇ ತಗೊಳ್ಳಿ, ಮೆಥೋಟ್ರೆಕ್ಸೇಟೂ ಹಳದಿ, ಫೋಲಿಕ್ ಆಸಿಡ್ಡೂ ಹಳದಿ, ಎರಡೂ ಚಿಕ್ಕವು. ಕಂಪನಿ ಬದಲಾದರೆ ಬಣ್ಣವೂ ಬೇರೆ. ಬಿಟ್ಟೆ. ಈಗ ಎರಡನ್ನೂ ಬೇರೆ ಬೇರೆ ಕವರಿಗೆ ಹಾಕಿ ಮೇಲೆ ವಾರದ ಹೆಸರು ದಪ್ಪಗೆ ಬರೆಯುತ್ತೇನೆ. ಕನ್ನಡ ಅಂಕಿಗಳಲ್ಲೂ ಬರೆದು ನೋಡಿದೆ, ಆಸೆಗೆ. ಆದರೆ ಮನೆಯಲ್ಲಿ ಹಾಳೆ ಓದಿ ಹೇಳೋದು ಮೊಮ್ಮಕ್ಕಳು, ಅವರಿಗೆ ಆ ಅಂಕಿ ಬರಲ್ಲ. ಮೇಲಾಗಿ ಟೋನರ್ ಕಮ್ಮಿಯಾದ ಪ್ರಿಂಟಲ್ಲಿ ೧ ಮತ್ತು ೦ ಒಂದೇ ಥರ ಕಾಣುತ್ತವೆ. ಅರ್ಧ ಮಾತ್ರೆಗೆ ಮಾತ್ರ ಅಂಕಿ ಬೇಡವೇ ಬೇಡ. ½ ಅಂತ ಬರೆದರೆ ಒಂದೋ ಎರಡೋ ಅಂತ ಓದುತ್ತಾರೆ. "ಅರ್ಧ" ಅಂತಲೇ ಬರೆಯಿರಿ.

ಇಷ್ಟೆಲ್ಲ ಆದರೂ ಹಾಳೆ ಸರಿ ಇದೆಯಾ ಅಂತ ತಿಳಿಯೋದು ಹೇಗೆ? "ಅರ್ಥ ಆಯ್ತಾ?" ಅಂದರೆ ಎಲ್ಲರೂ ಹೂಂ ಅಂತಾರೆ, ಸುಮ್ನೆ. ಅದಕ್ಕೆ ನನ್ನದು ಕಾಳಿನ ಪರೀಕ್ಷೆ. ಕ್ಯಾಂಟೀನಿನಿಂದ ಏಳು ಪೇಪರ್ ಲೋಟ ತಂದು ಸೋಮವಾರದಿಂದ ಭಾನುವಾರದವರೆಗೆ ಹೆಸರು ಬರೆದು ಸಾಲಾಗಿ ಇಡುತ್ತೇನೆ. ಮೆಥೋಟ್ರೆಕ್ಸೇಟಿಗೆ ಹುಣಸೆಬೀಜ, ಫೋಲಿಕ್‌ಗೆ ಕಡಲೆ, ಪ್ರೆಡ್ನಿಸೋಲೋನ್‌ಗೆ ಅವರೆಕಾಳು. ಕೇಸು ಗೊತ್ತಿಲ್ಲದ ಯಾರಿಗಾದರೂ, ಹೆಚ್ಚಾಗಿ ನಮ್ಮ ಸೆಕ್ಯೂರಿಟಿ ಅಣ್ಣನಿಗೆ, ಹಾಳೆ ಕೊಟ್ಟು "ಮೊದಲನೇ ವಾರದ್ದು ಹಾಕಣ್ಣ" ಅಂತೀನಿ. ಹುಣಸೆಬೀಜ ಒಂದೇ ಲೋಟದಲ್ಲಿ ಬಿದ್ದರೆ ಸರಿ. ಎರಡರಲ್ಲಿ ಬಿದ್ದರೆ ತಪ್ಪು ಅಣ್ಣನದಲ್ಲ, ಸಾಲಿನದು. ಆ ಸಾಲನ್ನು ಮತ್ತೆ ಬರೆಯುತ್ತೇನೆ. "ಬೇರೆ ಯಾವ ದಿನವೂ ಬೇಡ" ಅನ್ನೋ ಮಾತು ಹಾಳೆಗೆ ಸೇರಿದ್ದು ಹೀಗೇ.

ಆಮೇಲೆ ಅದೇ ಲೋಟ ಮನೆಯವರ ಮುಂದೆ. ಅಜ್ಜಿಯ ಸೊಸೆ ಹುಣಸೆಬೀಜ ಸರಿಯಾಗಿ ಹಾಕಿದರು, ಅವರೆಕಾಳನ್ನು ಬೆಳಗ್ಗೆ ಎರಡು, ರಾತ್ರಿ ಎರಡು ಅಂತ ಪಾಲು ಮಾಡಿದರು. "ನಾಲ್ಕೂ ಒಟ್ಟಿಗೇನಾ ಸಾರ್? ಹೊಟ್ಟೆ ಉರಿಯಲ್ವಾ?" ಅಂದರು. ಆ ಸಾಲಿಗೆ "ಒಟ್ಟಿಗೆ" ಅಂತ ಪೆನ್ನಲ್ಲಿ ಸೇರಿಸಿ, ಪಕ್ಕದಲ್ಲಿ ಡಾಕ್ಟರ್ ಇನಿಷಿಯಲ್ ಹಾಕಿಸಿದೆ. ಎಲ್ಲ ಸೇರಿ ಹತ್ತು ಹನ್ನೆರಡು ನಿಮಿಷದ ಕೆಲಸ. ಮೊದಲು ಡಿಸ್ಚಾರ್ಜ್ ಆದ ಮಾರನೇ ದಿನ "ಯಾವ ಮಾತ್ರೆ ಯಾವಾಗ" ಅಂತ ಬರುತ್ತಿದ್ದ ಫೋನುಗಳು ನನ್ನ ಅಂದಾಜಿಗೆ ಕಾಲು ಭಾಗಕ್ಕೆ ಇಳಿದಿವೆ.

ಇನ್ಸುಲಿನ್‌ಗೆ ಇದು ನಡೆಯಲ್ಲ. ಅಲ್ಲಿ ತಪ್ಪಾಗೋದು ಓದುವಾಗ ಮಾತ್ರ ಅಲ್ಲ, ಸಿರಿಂಜಲ್ಲೂ. ಒಂದು ಎಂಎಲ್‌ಗೆ 40 ಯೂನಿಟ್ ಇರೋ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜು, 100 ಯೂನಿಟ್ ಇರೋದಕ್ಕೆ ಕಿತ್ತಳೆ. ಅದು ಅದಲುಬದಲಾದರೆ ಹಾಳೆ ಎಷ್ಟು ಚೆನ್ನಾಗಿದ್ದರೂ ಡೋಸ್ ತಪ್ಪುತ್ತೆ. ಆ ರೋಗಿಗಳನ್ನು ಬಾಟಲಿ, ಸಿರಿಂಜಿನ ಸಮೇತ ನರ್ಸ್ ಹತ್ತಿರವೇ ಕೂರಿಸುತ್ತೇನೆ. ನನ್ನ ಹಾಳೆಯಲ್ಲಿ "ಯೂನಿಟ್" ಅನ್ನೋ ಪದವನ್ನು ಪೂರ್ತಿ ಬರೆಯೋದಷ್ಟೇ. ಇಂಗ್ಲಿಷಿನ ಯು ಒಂದನ್ನೇ ಬರೆದರೆ ಅದು ಸೊನ್ನೆಯ ಹಾಗೆ ಕಂಡು 4 ಹೋಗಿ 40 ಆಗುತ್ತೆ.