ಮೊಣಕಾಲಿನ ಕ್ಲೇಮು, ಅರ್ಧ ಓದಿದ ಷರತ್ತು

ವಿಮಾ ಕಂಪನಿಯ ಪತ್ರ ಚಿಕ್ಕದಾಗಿತ್ತು. ಮೊಣಕಾಲಿನ ಲಿಗಮೆಂಟ್ ಆಪರೇಷನ್ ಪಾಲಿಸಿಯ ‘ನಿರ್ದಿಷ್ಟ ಕಾಯಿಲೆಗಳ’ ಪಟ್ಟಿಯಲ್ಲಿದೆ. ಆ ಪಟ್ಟಿಗೆ 24 ತಿಂಗಳು ಕಾಯಬೇಕು. ನಿಮ್ಮ ಪಾಲಿಸಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಆದ್ದರಿಂದ Excl02 ಎಂಬ ಷರತ್ತಿನ ಪ್ರಕಾರ ಹಣ ಕೊಡಲು ಬರುವುದಿಲ್ಲ. ಇಷ್ಟೇ. ಅದರಲ್ಲಿ ಸುಳ್ಳು ಅನ್ನುವಂಥದ್ದು ಒಂದೂ ಇರಲಿಲ್ಲ. ಆದರೆ ನಾನು ಸ್ಕೂಟರಿನಿಂದ ಬಿದ್ದಿದ್ದೆ ಅನ್ನುವ ಮಾತೂ ಅದರಲ್ಲಿ ಇರಲಿಲ್ಲ.

ನಡೆದದ್ದು ಹೀಗೆ. ಪುಣೆಯ ಜುಲೈ ಮಳೆ, ಕೋಥ್ರೂಡ್‌ನಲ್ಲಿ ಆಫೀಸಿನಿಂದ ಮನೆಗೆ ಬರುವ ತಿರುವು. ಗಾಡಿ ಜಾರಿತು. ಬೀಳಬಾರದೆಂದು ಬಲಗಾಲು ಊರಿದೆ. ಪಾದ ನೆಲಕ್ಕೆ ಅಂಟಿಕೊಂಡಿತು, ಮೈ ಮಾತ್ರ ತಿರುಗಿತು. ಮೊಣಕಾಲಿನೊಳಗೆ ಟಪ್ ಅಂದದ್ದು ನನಗೇ ಕೇಳಿಸಿತು. ಅಂದೇ ಸಂಜೆ ಹತ್ತಿರದ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ತೋರಿಸಿದೆವು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಆ ವಾರವೇ ಮಾಡಿಸಿದ ಎಂಆರ್‌ಐಯಲ್ಲಿ ಎಸಿಎಲ್, ಅಂದರೆ ಮೊಣಕಾಲಿನ ನಡುವಿನ ಮುಖ್ಯ ಲಿಗಮೆಂಟ್, ಪೂರ್ತಿ ಹರಿದಿದೆ ಎಂದು ಬಂತು. ಊತ ಇಳಿದು ಕಾಲು ಸರಿಯಾಗಿ ಮಡಚಲು ಬರಲಿ, ಆಮೇಲೆ ಆಪರೇಷನ್ ಮಾಡೋಣ ಎಂದರು ಡಾಕ್ಟರು. ಹೀಗೆ ಕಾಯುವುದು ಈ ಆಪರೇಷನ್‌ಗೆ ಮಾಮೂಲಿ. ಫಿಸಿಯೋಥೆರಪಿ ಮುಗಿಸಿ ಸೆಪ್ಟೆಂಬರಿನಲ್ಲಿ ಅಡ್ಮಿಟ್ ಆದೆ.

ಎಡವಟ್ಟಾದದ್ದು ಅಲ್ಲೇ. ಅಡ್ಮಿಷನ್ ಹೊತ್ತಿಗೆ ಡ್ಯೂಟಿಯಲ್ಲಿದ್ದ ಎಳೆಯ ಡಾಕ್ಟರು ಹಿಸ್ಟರಿ ಕಾಲಂನಲ್ಲಿ ‘ಎರಡು ತಿಂಗಳಿಂದ ಬಲ ಮೊಣಕಾಲು ನೋವು, ಅಸ್ಥಿರತೆ’ ಎಂದಷ್ಟೇ ಟೈಪ್ ಮಾಡಿದರು. ಬಿದ್ದ ವಿಷಯ ಇಲ್ಲ. ಅದೇ ವಾಕ್ಯ ಕ್ಯಾಶ್‌ಲೆಸ್ ಅರ್ಜಿಗೆ ಹೋಯಿತು, ಡಿಸ್ಚಾರ್ಜ್ ಸಮ್ಮರಿಗೂ ಹೋಯಿತು. ಕ್ಯಾಶ್‌ಲೆಸ್ ಸಿಗಲಿಲ್ಲ. ಸುಮಾರು ಎರಡು ಲಕ್ಷ ಕೈಯಿಂದ ಕಟ್ಟಿ ಬಂದು ಆಮೇಲೆ ರೀಇಂಬರ್ಸ್‌ಮೆಂಟ್ ಹಾಕಿದೆವು. ಅದಕ್ಕೆ ಬಂದ ಉತ್ತರವೇ ಮೇಲಿನ ಪತ್ರ.

ನಮ್ಮ ಸೊಸೈಟಿಯಲ್ಲಿ ವಿಜಯಪುರದ ಕಡೆಯ ಕಾಕಾ ಒಬ್ಬರಿದ್ದಾರೆ, ವಿಮೆಯಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಪತ್ರ ತೋರಿಸಿದೆ. ಕನ್ನಡಕ ಏರಿಸಿಕೊಂಡು ಓದಿ, “ಇದನ್ನ ಬಿಡು ತಂಗಿ, ಪಾಲಿಸಿ ಪುಸ್ತಕ ತಗೊಂಡು ಬಾ. ಅವರು ಬರದದ್ದಲ್ಲ, ಬರೀದೇ ಬಿಟ್ಟದ್ದನ್ನ ನೋಡಬೇಕು” ಅಂದರು.

ಪಿಡಿಎಫ್‌ನಲ್ಲಿ Excl02 ಎಂದು ಹುಡುಕಿದೆ. ಈ ನಂಬರು ಒಂದು ಕಂಪನಿಯದಲ್ಲ. ಹೊರಗಿಡುವ ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ ಮಾತಿನಲ್ಲಿರಲಿ ಎಂದು ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಗೊತ್ತುಮಾಡಿದ ಒಕ್ಕಣೆ ಅದು. Excl01 ಅಂದರೆ ಮೊದಲೇ ಇದ್ದ ಕಾಯಿಲೆ, Excl02 ಅಂದರೆ ಪಟ್ಟಿಯ ಕಾಯಿಲೆಗಳಿಗೆ ಕಾಯುವ ಅವಧಿ, ಹೀಗೆ. Excl02ರ ಮೊದಲ ಉಪಷರತ್ತಿನಲ್ಲಿ 24 ತಿಂಗಳ ಮಾತು ಮುಗಿದ ಕೂಡಲೇ ಇನ್ನೊಂದು ವಾಕ್ಯ ಇದೆ: ಅಪಘಾತದಿಂದಾದ ಕ್ಲೇಮುಗಳಿಗೆ ಈ ಹೊರಗಿಡುವಿಕೆ ಅನ್ವಯಿಸುವುದಿಲ್ಲ. ಪತ್ರದಲ್ಲಿ ಷರತ್ತನ್ನು ಎತ್ತಿ ಬರೆದಿದ್ದರು, ಆದರೆ ಆ ವಾಕ್ಯಕ್ಕೆ ಮುಂಚೆ ನಿಲ್ಲಿಸಿದ್ದರು!

ಆಗ ವಾದ ಸಲೀಸಾಯಿತು. ನಾನು ಕರುಣೆ ಕೇಳಬೇಕಿರಲಿಲ್ಲ. ಕಾಯುವ ಅವಧಿ ಅನ್ಯಾಯ ಅನ್ನಬೇಕಿರಲಿಲ್ಲ. ಲಿಗಮೆಂಟ್ ಪಟ್ಟಿಯಲ್ಲಿಲ್ಲ ಎಂದು ಜಗಳ ಆಡಬೇಕಿರಲಿಲ್ಲ. ಪಟ್ಟಿಯಲ್ಲಿದೆ, ಎರಡು ವರ್ಷ ಆಗಿಲ್ಲ, ಎರಡೂ ಒಪ್ಪಿದೆ. ಉಳಿದದ್ದು ಒಂದೇ ಪ್ರಶ್ನೆ: ಇದು ಅಪಘಾತದಿಂದ ಆದದ್ದೋ ಅಲ್ಲವೋ? ಎಷ್ಟೋ ಜನ ಮೇಲ್ಮನವಿಯಲ್ಲಿ ಪ್ರೀಮಿಯಂ ಕಟ್ಟಿದ ಕಥೆ, ಏಜೆಂಟ್ ಹೇಳಿದ ಮಾತು ಎಲ್ಲ ತುಂಬುತ್ತಾರೆ. ಓದುವವರಿಗೆ ಮುಖ್ಯ ಪ್ರಶ್ನೆಯೇ ಸಿಗುವುದಿಲ್ಲ.

ಪಾಲಿಸಿಯಲ್ಲೇ ‘ಅಪಘಾತ’ದ ವ್ಯಾಖ್ಯೆ ಇದೆ. ಹಠಾತ್ತನೆ, ನಿರೀಕ್ಷೆ ಇಲ್ಲದೆ, ನಮ್ಮ ಇಚ್ಛೆಯಿಲ್ಲದೆ, ಹೊರಗಿನ, ಕಣ್ಣಿಗೆ ಕಾಣುವ, ರಭಸದ ಕಾರಣದಿಂದ ಆದ ಘಟನೆ. ಮಳೆಯಲ್ಲಿ ಗಾಡಿ ಜಾರಿ ಬೀಳುವುದಕ್ಕೆ ಇದರಲ್ಲಿ ಯಾವುದು ಕಡಿಮೆ ಇದೆ? ಪೊಲೀಸ್ ದೂರಾಗಲಿ, ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿ ಮಾಡುವ ದಾಖಲೆಯಾದ ಎಂಎಲ್‌ಸಿಯಾಗಲಿ ಬೇಕು ಎಂದು ನನ್ನ ಪಾಲಿಸಿಯ ವ್ಯಾಖ್ಯೆಯಲ್ಲೂ ಇಲ್ಲ, Excl02ರಲ್ಲೂ ಇಲ್ಲ. ಇದನ್ನು ಮುಂಚೆಯೇ ನೋಡಿಟ್ಟುಕೊಂಡಿದ್ದು ಒಳ್ಳೆಯದಾಯಿತು. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆಯೇ ‘ಎಂಎಲ್‌ಸಿ ಯಾಕಿಲ್ಲ’ ಎಂದು.

ಇನ್ನು ಸಾಕ್ಷಿ. ಡಿಸ್ಚಾರ್ಜ್ ಸಮ್ಮರಿ ತಿದ್ದಿಸಿ ಹೊಸದಾಗಿ ಕೊಡಿ ಎಂದು ಆಸ್ಪತ್ರೆಯಲ್ಲಿ ಕೇಳಬಹುದಿತ್ತು. ಕಾಕಾ ಬೇಡ ಅಂದರು. ಕ್ಲೇಮು ತಿರಸ್ಕಾರವಾದ ಮೇಲೆ ಬದಲಾದ ಸಮ್ಮರಿ ಬಂದರೆ ಕಂಪನಿ ಅದನ್ನೇ ಅನುಮಾನದಿಂದ ನೋಡುತ್ತದೆ. ಹಳೆಯದು ಹಾಗೇ ಇರಲಿ, ಬೇರೆ ಸರ್ಟಿಫಿಕೇಟ್ ತಗೋ, ಅದರ ಮೇಲೆ ಕೊಟ್ಟ ದಿನದ್ದೇ ತಾರೀಖು ಇರಲಿ ಎಂದರು. ಆಪರೇಷನ್ ಮಾಡಿದ ಸರ್ಜನ್ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರು. ಮೊದಲ ಸಲ ತೋರಿಸಿದ ದಿನ, ಬಿದ್ದ ಬಗೆ, ಪಾದ ಊರಿ ಮೈ ತಿರುಗಿದ್ದರಿಂದ ಎಸಿಎಲ್ ಹರಿದದ್ದು, ಮಧ್ಯೆ ಕಾದದ್ದು ವೈದ್ಯಕೀಯ ಕಾರಣಕ್ಕೆ, ಅಡ್ಮಿಷನ್ ನೋಟ್‌ನಲ್ಲಿ ಅಪಘಾತದ ಉಲ್ಲೇಖ ಬಿಟ್ಟುಹೋಗಿದೆ ಎಂಬುದು. ಸಹಿ, ಸೀಲು, ರಿಜಿಸ್ಟ್ರೇಷನ್ ನಂಬರ್.

ಆದರೆ ಇದಕ್ಕಿಂತ ಗಟ್ಟಿ ಸಾಕ್ಷಿ ಕ್ಲೇಮಿನ ಜಗಳ ಹುಟ್ಟುವ ಮುಂಚಿನ ಕಾಗದ. ಬಿದ್ದ ದಿನದ ಕ್ಯಾಶುವಾಲ್ಟಿ ಚೀಟಿ ಫೈಲಿನಲ್ಲಿತ್ತು. ಅದರ ಮೇಲೆ ಕೈಬರಹದಲ್ಲಿ ‘ದ್ವಿಚಕ್ರ ವಾಹನದಿಂದ ಜಾರಿ ಬಿದ್ದದ್ದು’ ಎಂಬ ಅರ್ಥದ ಒಂದು ಸಾಲು, ತಾರೀಖು, ಸಮಯ. ಅವತ್ತು ಯಾರಿಗೂ ಕ್ಲೇಮಿನ ಯೋಚನೆ ಇರಲಿಲ್ಲ, ಅದಕ್ಕೇ ಅದಕ್ಕೆ ಅಷ್ಟು ಬೆಲೆ.

ಎರಡನೆಯದು ಎಂಆರ್‌ಐ ವರದಿ. ಕೊನೆಯ ನಾಲ್ಕು ಸಾಲಿನ ಸಾರಾಂಶವನ್ನಷ್ಟೇ ಎಲ್ಲರೂ ಓದುತ್ತಾರೆ. ಮೇಲಿನ ವಿವರದಲ್ಲಿ ತೊಡೆಮೂಳೆಯ ಹೊರಬದಿಯ ತುದಿಯಲ್ಲೂ ಕೆಳಗಿನ ಮೂಳೆಯ ಹಿಂಭಾಗದಲ್ಲೂ ‘ಬೋನ್ ಕಂಟ್ಯೂಷನ್’ ಇದೆ ಎಂದಿತ್ತು. ಸರ್ಜನ್ ಹತ್ತಿರ ಕೇಳಿದೆ. ಕಾಲು ತಿರುಚಿದಾಗ ಮೊಣಕಾಲು ಒಂದು ಕ್ಷಣ ಜಾರಿ ಈ ಎರಡು ಮೂಳೆಗಳು ಒಂದಕ್ಕೊಂದು ಬಡಿಯುತ್ತವಂತೆ. ಆ ಪೆಟ್ಟಿನ ಗುರುತು ಎಂಆರ್‌ಐಯಲ್ಲಿ ಮೂಳೆಯೊಳಗಿನ ಊತವಾಗಿ ಕಾಣುತ್ತದೆ, ಕೆಲವು ತಿಂಗಳಲ್ಲಿ ಮಾಯವಾಗುತ್ತದೆ. ವಯಸ್ಸಿನ ಸವೆತದಿಂದ ಆ ಎರಡು ಜಾಗದಲ್ಲಿ ಹೀಗೆ ಜೋಡಿಯಾಗಿ ಬರುವುದಿಲ್ಲ. ಅಂದರೆ ಹೊಸ ಪೆಟ್ಟು ಎನ್ನುವುದು ನನ್ನ ಮಾತಲ್ಲ, ಮೂಳೆಯೇ ಹೇಳುತ್ತಿತ್ತು. ಈ ವಿವರಣೆಯನ್ನೂ ಸರ್ಟಿಫಿಕೇಟಿನಲ್ಲಿ ಎರಡು ಸಾಲು ಸೇರಿಸಿಸಿಕೊಂಡೆ.

ಮನವಿ ಒಂದೂವರೆ ಪುಟ ಆಯಿತು. ಮೊದಲು ಷರತ್ತಿನ ಪೂರ್ತಿ ಪಾಠ, ಬಿಟ್ಟ ವಾಕ್ಯಕ್ಕೆ ಅಡಿಗೆರೆ. ಆಮೇಲೆ ವ್ಯಾಖ್ಯೆ. ಆಮೇಲೆ ತಾರೀಖಿನ ಕ್ರಮದಲ್ಲಿ ಘಟನೆಗಳು, ಒಂದೊಂದಕ್ಕೂ ಕಾಗದದ ಪುಟಸಂಖ್ಯೆ. ಹೊರಗಿಡುವ ಷರತ್ತು ಅನ್ವಯಿಸುತ್ತದೆ ಎಂದು ತೋರಿಸುವ ಹೊಣೆ ಕಂಪನಿಯದು ಎಂದು ಸುಪ್ರೀಂ ಕೋರ್ಟ್ 2007ರ ಈಶರ್ ದಾಸ್ ಮದನ್ ಲಾಲ್ ಪ್ರಕರಣದಲ್ಲಿ ಹೇಳಿದ್ದನ್ನು ಒಂದು ಸಾಲಿನಲ್ಲಿ ಬರೆದೆ. ಇದರ ಜೊತೆ ಇನ್ನೊಂದು ಕೇಳಿದೆ. 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ ಕಂಪನಿಯ ಕ್ಲೇಮು ಪರಿಶೀಲನಾ ಸಮಿತಿ ಒಪ್ಪದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಅಪಘಾತದ ವಾಕ್ಯವನ್ನು ಆ ಸಮಿತಿ ನೋಡಿತ್ತೇ? ತಿಳಿಸಿ.

ಇದನ್ನು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ, bimabharosa.irdai.gov.in ನಲ್ಲೂ ದೂರು ಹಾಕಿ ನಂಬರ್ ತಗೊಂಡೆ. ಆ ಪೋರ್ಟಲ್ ತಾನೇ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೇ ಕಳಿಸುತ್ತದೆ. ಆದರೆ ನಿಯಂತ್ರಕರ ಕಣ್ಣಿಗೆ ದಾಖಲೆ ಇರುತ್ತದೆ. ಉತ್ತರ ಬಂತು: ‘ನಿರ್ಧಾರದಲ್ಲಿ ಬದಲಾವಣೆ ಇಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅಪಘಾತ ಇಲ್ಲ, ಆಪರೇಷನ್ ಮೊದಲೇ ಯೋಜಿಸಿದ್ದು.’ ಕ್ಯಾಶುವಾಲ್ಟಿ ಚೀಟಿ ಬಗ್ಗೆ ಒಂದಕ್ಷರ ಇಲ್ಲ.

ಮುಂದಿನ ಮೆಟ್ಟಿಲು ವಿಮಾ ಓಂಬುಡ್ಸ್‌ಮನ್, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಪು ಕೊಡುವ ಅಧಿಕಾರಿ. ಪುಣೆಯವರಿಗೆ ಕಚೇರಿ ನಾರಾಯಣ ಪೇಠ್‌ನಲ್ಲೇ ಇದೆ. ಆನ್‌ಲೈನಾದರೆ cioins.co.in. ಫೀಸಿಲ್ಲ, ವಕೀಲರಿಗೆ ಪ್ರವೇಶವಿಲ್ಲ, 50 ಲಕ್ಷದವರೆಗಿನ ದೂರು ತಗೊಳ್ಳುತ್ತಾರೆ. ಕಂಪನಿಗೆ ಮೊದಲು ಲಿಖಿತವಾಗಿ ದೂರು ಕೊಟ್ಟಿರಬೇಕು. ಅವರು ನಿರಾಕರಿಸಿದ ಮೇಲೆ, ಅಥವಾ ಒಂದು ತಿಂಗಳು ಉತ್ತರಿಸದಿದ್ದರೆ, ಒಂದು ವರ್ಷದೊಳಗೆ ಹೋಗಬೇಕು. ಅದೇ ವಿಷಯ ಗ್ರಾಹಕ ಆಯೋಗದಲ್ಲೋ ಕೋರ್ಟಿನಲ್ಲೋ ನಡೆಯುತ್ತಿದ್ದರೆ ಇಲ್ಲಿ ತಗೊಳ್ಳುವುದಿಲ್ಲ. ನಮ್ಮ ಯಜಮಾನರು ನೇರ ಗ್ರಾಹಕ ಆಯೋಗಕ್ಕೆ ಹೋಗೋಣ ಅಂದಿದ್ದರು. ಎರಡು ಲಕ್ಷದ, ಕಾಗದ ನೋಡಿ ತೀರ್ಮಾನಿಸಬಹುದಾದ ವಿಷಯಕ್ಕೆ ಇದೇ ಸಾಕು ಅನಿಸಿತು.

ವಿಚಾರಣೆಗೆ ಮುಂಚೆ ಕಂಪನಿ ತನ್ನ ಲಿಖಿತ ಹೇಳಿಕೆ ಕೊಟ್ಟಿತು. ಅದರಲ್ಲಿ ಹೊಸ ರಾಗ. ಎಂಆರ್‌ಐಯಲ್ಲಿ ಮೆನಿಸ್ಕಸ್‌ನಲ್ಲಿ, ಅಂದರೆ ಮೊಣಕಾಲಿನೊಳಗಿನ ಮೆತ್ತೆಯಲ್ಲಿ, ‘ಸ್ವಲ್ಪ ಸವೆತ’ ಎಂಬ ಮಾತಿದೆ, ಆದ್ದರಿಂದ ಇದು ಮೊದಲೇ ಇದ್ದ ಕಾಯಿಲೆ ಅಂತ. ತಿರಸ್ಕಾರ ಪತ್ರದಲ್ಲಿ ಈ ಕಾರಣ ಇರಲೇ ಇಲ್ಲ. ಪತ್ರದಲ್ಲಿ ಹೇಳದ ಕಾರಣವನ್ನು ಆಮೇಲೆ ತರುವಂತಿಲ್ಲ ಎಂದು ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ, ಅದನ್ನು ಬರೆದೆ. ಅಷ್ಟಕ್ಕೇ ಬಿಡಲಿಲ್ಲ. ಮೊದಲೇ ಇದ್ದ ಕಾಯಿಲೆ ಅನ್ನಲು ಪಾಲಿಸಿಗೆ ಮುಂಚೆ ಡಾಕ್ಟರು ಗುರುತಿಸಿರಬೇಕು, ಇಲ್ಲವೇ ಚಿಕಿತ್ಸೆ ಹೇಳಿರಬೇಕು. ನಾನು ಮೊಣಕಾಲಿಗೆ ಅಲ್ಲಿಯವರೆಗೆ ಡಾಕ್ಟರ ಹತ್ತಿರ ಹೋದವಳೇ ಅಲ್ಲ.

ವಿಚಾರಣೆ ವಿಡಿಯೋ ಕಾಲ್‌ನಲ್ಲಿ, ಬೇಗ ಮುಗಿಯಿತು. ಓಂಬುಡ್ಸ್‌ಮನ್ ಕಂಪನಿಯವರಿಗೆ ಕೇಳಿದ ಮುಖ್ಯ ಪ್ರಶ್ನೆ, “ಜುಲೈ ಚೀಟಿಯನ್ನು ನೀವು ಸುಳ್ಳು ಅನ್ನುತ್ತೀರಾ?” ಅವರು ಇಲ್ಲ ಅಂದರು, ಆದರೆ ತುರ್ತು ಅಡ್ಮಿಷನ್ ಅಲ್ಲ ಎಂದರು. ನಾನು ಹೇಳಿದ್ದು ಇಷ್ಟೇ: “ಷರತ್ತು ‘ಅಪಘಾತದಿಂದಾದ ಕ್ಲೇಮು’ ಅನ್ನುತ್ತದೆ ಸರ್, ತುರ್ತಾಗಿ ಅಡ್ಮಿಟ್ ಆಗಬೇಕು ಅನ್ನುವುದಿಲ್ಲ.”

ತೀರ್ಪು ನನ್ನ ಕಡೆ ಬಂತು. ಅದು ಕಂಪನಿಯನ್ನು ಕಟ್ಟಿಹಾಕುತ್ತದೆ, 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ ₹5,000 ದಂಡ ಇದೆ. ಗಡುವಿನೊಳಗೇ ಹಣ ಜಮಾ ಆಯಿತು. ಆಪರೇಷನ್ ಆದ ಮೇಲೆ ಹಾಕಿಕೊಂಡ ಕಬ್ಬಿಣದ ಕೀಲಿನ ನೀ ಬ್ರೇಸ್, ಗ್ಲೌಸು ಮುಂತಾದವುಗಳ ಹಣ ಮುರಿದುಕೊಂಡಿದ್ದರು. ಯಜಮಾನರು ಅದಕ್ಕೂ ಬರೆ ಅಂದರು. ನೋಡಿದೆ. ನೀ ಬ್ರೇಸ್ ಪಾಲಿಸಿಯ ಕೊಡಲಾಗದ ವಸ್ತುಗಳ ಪಟ್ಟಿಯಲ್ಲಿ ಹೆಸರು ಸಮೇತ ಇದೆ, ಅದಕ್ಕೆ ಅಪಘಾತದ ವಿನಾಯಿತಿಯೂ ಇಲ್ಲ. ಅದನ್ನು ಬರೆಯಲಿಲ್ಲ.