ಗೆದ್ದ ಆ್ಯಡ್ ನಿಜಕ್ಕೂ ಗೆದ್ದಿದೆಯಾ? ರಿಪೋರ್ಟ್ ಬಿಡಿಸಿ ನೋಡುವುದು ಹೀಗೆ

ಎರಡು ಆ್ಯಡ್ ಓಡಿಸುತ್ತಾರೆ. ತಿಂಗಳ ಕೊನೆಗೆ ರಿಪೋರ್ಟ್ ತೆಗೆದು, ಒಟ್ಟು ಸಾಲಿನಲ್ಲಿ ಯಾವುದರ ಶೇಕಡಾ ಜಾಸ್ತಿಯೋ ಅದನ್ನು ಉಳಿಸಿಕೊಂಡು ಇನ್ನೊಂದನ್ನು ನಿಲ್ಲಿಸಿಬಿಡುತ್ತಾರೆ. ಹೀಗೆ ಚೆನ್ನಾಗಿದ್ದ ಆ್ಯಡನ್ನೇ ನಿಲ್ಲಿಸಿದವರನ್ನು ತುಂಬ ನೋಡಿದ್ದೇನೆ. ಒಟ್ಟು ಲೆಕ್ಕ ಒಂದು ಹೇಳುತ್ತದೆ, ಅದನ್ನೇ ಬಿಡಿಸಿದರೆ ಪೂರ್ತಿ ಉಲ್ಟಾ ಹೇಳುತ್ತದೆ. ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಇದರ ಬಗ್ಗೆ ಬರೆದಿದ್ದರಿಂದ ಇದಕ್ಕೆ ಸಿಂಪ್ಸನ್ಸ್ ಪ್ಯಾರಡಾಕ್ಸ್ ಅನ್ನುತ್ತಾರೆ.

ಹಂತ 1: ಶೇಕಡಾ ಬೇಡ, ಎಣಿಕೆ ತೆಗೆಯಿರಿ. ಇಂಪ್ರೆಷನ್ ಅಂದರೆ ಆ್ಯಡ್ ಎಷ್ಟು ಸಲ ತೋರಿಸಲಾಯಿತು ಅನ್ನುವುದು, ಜೊತೆಗೆ ಕ್ಲಿಕ್, ಆರ್ಡರ್, ಖರ್ಚು, ಇಷ್ಟು ಸಾಕು.

ಹಂತ 2: ಡಿವೈಸ್ ಪ್ರಕಾರ ಬಿಡಿಸಿ. ಒಂದು ಲೆಕ್ಕ ನೋಡೋಣ. 'ಎ' ಮತ್ತು 'ಬಿ' ಎರಡಕ್ಕೂ ತಲಾ 10,000 ಕ್ಲಿಕ್ ಬಂದಿವೆ ಅಂದುಕೊಳ್ಳಿ. ಎ ಆ್ಯಡ್‌ನಿಂದ 680 ಆರ್ಡರ್, ಅಂದರೆ 6.8%. ಬಿಯಿಂದ 440, ಅಂದರೆ 4.4%. ಎ ಗೆದ್ದಿತು, ಅಲ್ವಾ? ಈಗ ಬಿಡಿಸಿ ನೋಡಿ:

| | ಮೊಬೈಲ್ | ಡೆಸ್ಕ್‌ಟಾಪ್ |
|---|---|---|
| ಎ | 2,000 ಕ್ಲಿಕ್, 40 ಆರ್ಡರ್ (2%) | 8,000 ಕ್ಲಿಕ್, 640 ಆರ್ಡರ್ (8%) |
| ಬಿ | 8,000 ಕ್ಲಿಕ್, 240 ಆರ್ಡರ್ (3%) | 2,000 ಕ್ಲಿಕ್, 200 ಆರ್ಡರ್ (10%) |

ಮೊಬೈಲ್‌ನಲ್ಲೂ ಬಿ ಮುಂದು, ಡೆಸ್ಕ್‌ಟಾಪ್‌ನಲ್ಲೂ ಬಿ ಮುಂದು. ಆದರೂ ಒಟ್ಟಿನಲ್ಲಿ ಸೋತಿದೆ. ಕಾರಣ ಸುಲಭ: ಇಲ್ಲಿ ಯಾವ ಆ್ಯಡ್ ಆದರೂ ಮೊಬೈಲ್‌ನಲ್ಲಿ ಆರ್ಡರ್ ಕಡಿಮೆ, ಬಿಗೆ ಬಂದ ಕ್ಲಿಕ್‌ಗಳಲ್ಲಿ 80% ಮೊಬೈಲ್‌ನವು.

ಹಂತ 3: ಈ ಹಂಚಿಕೆಯನ್ನು ಮಾಡಿದ್ದು ಯಾರು? ಜನ ಎಡವುವುದೆಲ್ಲ ಇಲ್ಲೇ. ಪ್ಯಾರಡಾಕ್ಸ್ ಬಗ್ಗೆ ಎಲ್ಲೋ ಓದಿಕೊಂಡವರು 'ಬಿಡಿಸಿದ ಲೆಕ್ಕವೇ ಸತ್ಯ' ಅಂತ ಕಣ್ಮುಚ್ಚಿ ಬಿಯನ್ನು ಆರಿಸುತ್ತಾರೆ. ಅದೂ ತಪ್ಪಾಗಬಹುದು. ಯಾಕೆಂದರೆ ಕ್ಲಿಕ್ ಬರುವುದು ಆ್ಯಡ್ ನೋಡಿದ ಮೇಲೆ. ಯಾರು ಕ್ಲಿಕ್ ಮಾಡುತ್ತಾರೆ ಅನ್ನುವುದರಲ್ಲಿ ಆ್ಯಡ್‌ನ ಕೈವಾಡವೂ ಇರುತ್ತದೆ. ಅದಕ್ಕೇ ಕ್ಲಿಕ್ ಬಿಟ್ಟು ಇಂಪ್ರೆಷನ್ ಕಾಲಂಗೆ ಹೋಗಿ.

ಬಿಯ ಇಂಪ್ರೆಷನ್‌ಗಳೇ ಹೆಚ್ಚಾಗಿ ಮೊಬೈಲ್‌ನಲ್ಲಿದ್ದರೆ ಅದು ಆ್ಯಡ್‌ನ ತಪ್ಪಲ್ಲ. ಪ್ಲಾಟ್‌ಫಾರ್ಮ್ ಅದನ್ನು ಅಲ್ಲಿಗೆ ತಳ್ಳಿದೆ, ಇಲ್ಲವೇ ನೀವೇ ಬಜೆಟ್ ಹಾಗೆ ಇಟ್ಟಿದ್ದೀರಿ. ಆಗ ಬಿಡಿಸಿದ ಲೆಕ್ಕವನ್ನೇ ನಂಬಿ.

ಎರಡನ್ನೂ ಮೊಬೈಲ್‌ನಲ್ಲಿ 2 ಲಕ್ಷ ಸಲ, ಡೆಸ್ಕ್‌ಟಾಪ್‌ನಲ್ಲಿ 2 ಲಕ್ಷ ಸಲ ಸಮನಾಗಿ ತೋರಿಸಿದ್ದಾರೆ ಅಂದುಕೊಳ್ಳಿ. ಆಗ ಕಥೆಯೇ ಬೇರೆ. ಅಷ್ಟೇ ಸಲ ತೋರಿಸಿದರೂ ಡೆಸ್ಕ್‌ಟಾಪ್‌ನವರನ್ನು ಬಿ ಸರಿಯಾಗಿ ಸೆಳೆದಿಲ್ಲ: ಎಗೆ 8,000 ಕ್ಲಿಕ್ ಬಂದ ಜಾಗದಲ್ಲಿ ಇದಕ್ಕೆ ಬರೀ 2,000. ಬಂದ ಕೆಲವರು ಚೆನ್ನಾಗಿ ಕೊಂಡರು, ಅದಕ್ಕೇ 10% ಕಾಣುತ್ತಿದೆ. ಆದರೆ ಅಷ್ಟೇ ಇಂಪ್ರೆಷನ್‌ಗೆ 680 ಆರ್ಡರ್ ತಂದಿದ್ದು ಎ. ಖರ್ಚೂ ಹೆಚ್ಚುಕಡಿಮೆ ಸಮ ಇದ್ದರೆ ಎ ಆ್ಯಡನ್ನೇ ಇಟ್ಟುಕೊಳ್ಳಿ. ನೋಡಿ, ಟೇಬಲ್ ಅದೇ, ತೀರ್ಮಾನ ಮಾತ್ರ ತಿರುಗಿತು.

ಇದೇ ಕಾರಣಕ್ಕೆ 'ಕಾರ್ಟ್‌ಗೆ ಹಾಕಿದವರು', 'ಎರಡು ನಿಮಿಷಕ್ಕಿಂತ ಜಾಸ್ತಿ ಇದ್ದವರು' ಅಂತೆಲ್ಲ ಬಿಡಿಸಲೇಬೇಡಿ. ಅವೆಲ್ಲ ಆ್ಯಡ್ ನೋಡಿದ ಮೇಲೆ ಆದದ್ದು. ಡಿವೈಸ್, ಊರು, ಹೊಸಬರೋ ಹಳೇ ಗಿರಾಕಿಯೋ, ಇವು ಮೊದಲೇ ಇರುವಂಥವು. ಹೊಸಬರು-ಹಳಬರು ಅಂತ ಬಿಡಿಸುವುದನ್ನಂತೂ ತಪ್ಪಿಸಬೇಡಿ. ಹಳಬರಿಗೇ ಹೆಚ್ಚು ತೋರಿಸಿದ ಆ್ಯಡ್ ಎಷ್ಟು ಸಪ್ಪೆಯಾಗಿದ್ದರೂ ಒಟ್ಟು ಲೆಕ್ಕದಲ್ಲಿ ಮಿಂಚುತ್ತದೆ.

ಒಟ್ಟು ಸಾಲಿನ ಪಕ್ಕ ಹಸಿರು ಬಾಣ ಹಾಕಿ 'ವಿನ್ನರ್' ಅಂತ ಬರೆಯುವ ರೆಡಿಮೇಡ್ ಡ್ಯಾಶ್‌ಬೋರ್ಡ್‌ಗಳಿವೆಯಲ್ಲ, ಅವಕ್ಕೆ ದುಡ್ಡು ಕೊಡಬೇಡಿ. ಒಂದು ಶೀಟ್ ಸಾಕು.

ಹಂತ 4: ಹಂಚಿಕೆ ಪ್ಲಾಟ್‌ಫಾರ್ಮ್‌ನದ್ದೇ ಅಂತ ಖಚಿತವಾದರೆ, ಎರಡೂ ಆ್ಯಡ್‌ಗೆ ಒಂದೇ ತೂಕ ಕೊಡಿ. ನಿಮ್ಮ ಸೈಟ್‌ಗೆ ಬರುವವರಲ್ಲಿ 70% ಮೊಬೈಲ್, 30% ಡೆಸ್ಕ್‌ಟಾಪ್ ಅಂದುಕೊಳ್ಳಿ. ಶೀಟ್‌ನ B ಕಾಲಂನಲ್ಲಿ ಈ ತೂಕ, C ಕಾಲಂನಲ್ಲಿ ಆ್ಯಡ್‌ನ ಆರ್ಡರ್ ಶೇಕಡಾ ಹಾಕಿ:

```
=SUMPRODUCT(B2:B3, C2:C3)
```

ಎಗೆ 3.8%, ಬಿಗೆ 5.1% ಬರುತ್ತದೆ. ಸುಮ್ನೆ AVERAGE ಹಾಕುವವರಿದ್ದಾರೆ, ಅದು ಮೊಬೈಲ್, ಡೆಸ್ಕ್‌ಟಾಪ್ ಎರಡಕ್ಕೂ 50-50 ತೂಕ ಕೊಟ್ಟುಬಿಡುತ್ತದೆ.

ಹಂತ 5: ಬಿಡಿಸುವುದನ್ನು ಹುಷಾರಾಗಿ ನಿಲ್ಲಿಸಿ. ಡಿವೈಸ್, ಆಮೇಲೆ ವಯಸ್ಸು, ಆಮೇಲೆ ಊರು ಅಂತ ಕತ್ತರಿಸುತ್ತಾ ಹೋದರೆ ಒಂದೊಂದು ಖಾನೆಯಲ್ಲಿ ನಾಲ್ಕೈದು ಆರ್ಡರ್ ಉಳಿಯುತ್ತವೆ, ಅಲ್ಲಿ ಒಂದು ಆರ್ಡರ್ ಆಚೀಚೆ ಆದರೂ ಗೆದ್ದವರು ಬದಲಾಗುತ್ತಾರೆ. ಖಾನೆಯಲ್ಲಿ ಕನಿಷ್ಠ 30 ಆರ್ಡರ್ ಇಲ್ಲದಿದ್ದರೆ ನಾನು ಅದನ್ನು ನೋಡುವುದೇ ಇಲ್ಲ. ಅಷ್ಟಿದ್ದರೂ ಸಣ್ಣ ವ್ಯತ್ಯಾಸ ನಂಬುವುದಿಲ್ಲ. ಮೇಲಿನ ಲೆಕ್ಕದಲ್ಲಿ ಎ ಆ್ಯಡ್‌ನ 40 ಮೊಬೈಲ್ ಆರ್ಡರ್‌ಗಳೇ ಸ್ವಲ್ಪ ಕಡಿಮೆ ಆಯಿತು ಅನ್ನಿಸುತ್ತದೆ. ಸಾಧ್ಯವಿದ್ದರೆ ಚೆನ್ನಾಗಿ ಓಡುವ ಆ್ಯಡನ್ನೇ ಹೆಚ್ಚು ತೋರಿಸುವ ಪ್ಲಾಟ್‌ಫಾರ್ಮ್‌ನ 'ಆಪ್ಟಿಮೈಸ್' ಆಯ್ಕೆ ತೆಗೆದು, ಮೊಬೈಲ್‌ಗೆ ಒಂದು ಕ್ಯಾಂಪೇನ್, ಡೆಸ್ಕ್‌ಟಾಪ್‌ಗೆ ಇನ್ನೊಂದು ಕ್ಯಾಂಪೇನ್ ಮಾಡಿ, ಎರಡರಲ್ಲೂ ಎರಡೂ ಆ್ಯಡ್ ಹಾಕಿ ಮತ್ತೆ ಎರಡು ವಾರ ಓಡಿಸಿ.